143 ವ್ಯೂಸ್: ಯೂಟ್ಯೂಬ್ ಅನಾಲಿಟಿಕ್ಸ್ ಓದಲು ಕಲಿತದ್ದು

ನಾನು ಹೊಲಿಗೆ ಮೆಷಿನ್ ರಿಪೇರಿ ಕೆಲಸ ಮಾಡುತ್ತೇನೆ. ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದ ಸಣ್ಣಪುಟ್ಟ ತೊಂದರೆಗಳನ್ನು ವಿಡಿಯೊ ಮಾಡಿ ಹಾಕೋಣ ಅನ್ನಿಸಿತು. ಮೊದಲನೆಯದು, ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸಿಕ್ಕಿಕೊಳ್ಳುವುದರ ಬಗ್ಗೆ. 6 ನಿಮಿಷ 40 ಸೆಕೆಂಡಿನ ವಿಡಿಯೊ. 28 ದಿನ ಬಿಟ್ಟು ಯೂಟ್ಯೂಬ್ ಸ್ಟುಡಿಯೊ ತೆರೆದು ಅನಾಲಿಟಿಕ್ಸ್ ಪುಟಕ್ಕೆ ಹೋದೆ. 143 ವ್ಯೂಸ್. ಒಬ್ಬೊಬ್ಬರು ಸರಾಸರಿ ನೋಡಿದ್ದು 1 ನಿಮಿಷ 58 ಸೆಕೆಂಡ್. ಅಂದರೆ ವಿಡಿಯೊದ ಶೇಕಡಾ 30ರಷ್ಟು. ಬೇಜಾರಾಯಿತು. ಮುಖ್ಯವಾದ ವಿಷಯ ನಾನು ಹೇಳಿದ್ದೇ ನಾಲ್ಕನೇ ನಿಮಿಷದಲ್ಲಿ. ಅಲ್ಲಿಯವರೆಗೆ ಯಾರೂ ಬರಲೇ ಇಲ್ಲ ಅಂದುಕೊಂಡೆ.

ಆ ಲೆಕ್ಕ ತಪ್ಪಾಗಿತ್ತು. ತಪ್ಪು ಗೊತ್ತಾಗಿದ್ದು ಇಂಪ್ರೆಷನ್ಸ್ ಅನ್ನುವ ಅಂಕಿಯಿಂದ.

ನಿಮ್ಮ ವಿಡಿಯೊದ ಥಂಬ್‌ನೇಲ್ ಯೂಟ್ಯೂಬ್ ಒಳಗೆ ಯಾರದಾದರೂ ಸ್ಕ್ರೀನಿನ ಮೇಲೆ ಕಾಣಿಸಿಕೊಂಡರೆ ಅದು ಒಂದು ಇಂಪ್ರೆಷನ್. ಸುಮ್ನೆ ಹಾದುಹೋದರೆ ಲೆಕ್ಕಕ್ಕಿಲ್ಲ. ಅದರ ಅರ್ಧ ಭಾಗವಾದರೂ ಕಾಣಬೇಕು, ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಇರಬೇಕು. ಹಾಗೆ ಕಂಡವರಲ್ಲಿ ಎಷ್ಟು ಪಾಲು ಒತ್ತಿ ಒಳಗೆ ಬಂದರು ಅನ್ನುವುದು ಕ್ಲಿಕ್ ಥ್ರೂ ರೇಟ್, ಎಲ್ಲರೂ ಸಿಟಿಆರ್ ಅನ್ನುತ್ತಾರೆ. ನನ್ನ ಪುಟದಲ್ಲಿ 1,900 ಇಂಪ್ರೆಷನ್ಸ್ ಇತ್ತು, ಸಿಟಿಆರ್ ಶೇಕಡಾ 3.4. ಕಾಗದದ ಮೇಲೆ ಗುಣಿಸಿ ನೋಡಿದೆ. ಸುಮಾರು 65 ಬಂತು. ಆದರೆ ವ್ಯೂಸ್ 143 ಇದೆಯಲ್ಲ, ಉಳಿದ 78 ಎಲ್ಲಿಂದ ಬಂತು?

ವಿಡಿಯೊ ಹಾಕಿದ ದಿನ ಲಿಂಕನ್ನು ಮನೆಯವರ ಗ್ರೂಪಿಗೂ ಸ್ನೇಹಿತರಿಗೂ ಕಳಿಸಿದ್ದೆ. ಲಿಂಕ್ ಒತ್ತಿ ಬಂದವರಿಗೆ ಇಂಪ್ರೆಷನ್ ಇರುವುದಿಲ್ಲ, ವ್ಯೂ ಮಾತ್ರ ಇರುತ್ತದೆ. ಆಮೇಲೆ ಅಡ್ವಾನ್ಸ್ಡ್ ಮೋಡ್ ತೆರೆದು, ವೀಕ್ಷಕರು ಎಲ್ಲಿಂದ ಬಂದರು ಅನ್ನುವ ಟ್ರಾಫಿಕ್ ಸೋರ್ಸ್ ಪಟ್ಟಿ ನೋಡಿದೆ. ಆ ಪಟ್ಟಿಯಲ್ಲಿ ಪ್ರತಿ ದಾರಿಗೂ ಬೇರೆ ಬೇರೆ ಸರಾಸರಿ ಸಮಯ ಕಾಣುತ್ತದೆ. ಲಿಂಕಿನಿಂದ ಬಂದ 78 ವ್ಯೂಗಳಲ್ಲಿ ಸರಾಸರಿ 50 ಸೆಕೆಂಡ್. ಯೂಟ್ಯೂಬಿನ ಒಳಗಿಂದಲೇ ಬಂದ 65ರಲ್ಲಿ 3 ನಿಮಿಷ 20 ಸೆಕೆಂಡ್. ಸರಿಯಾಗಿ ಅರ್ಧ ವಿಡಿಯೊ!

ಒಂದು ಗುಂಪಿಗೆ ನನ್ನ ಮೇಲೆ ಪ್ರೀತಿ ಇತ್ತು, ಹೊಲಿಗೆ ಮೆಷಿನ್ ಇರಲಿಲ್ಲ. ಇನ್ನೊಂದು ಗುಂಪಿಗೆ ನಾನು ಯಾರೋ ಗೊತ್ತಿಲ್ಲ, ಮೆಷಿನ್ನಿನಲ್ಲಿ ದಾರ ಸಿಕ್ಕಿಕೊಂಡಿತ್ತು. ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ 1 ನಿಮಿಷ 58 ಸೆಕೆಂಡ್ ಅನ್ನುವುದು ಯಾರ ಕಥೆಯೂ ಅಲ್ಲ. ಅವತ್ತಿನಿಂದ ನಾನು ಟ್ರಾಫಿಕ್ ಸೋರ್ಸ್ ನೋಡದೆ ಬೇರೆ ಯಾವ ಅಂಕಿಯನ್ನೂ ನಂಬುವುದಿಲ್ಲ. ಚಾನೆಲ್ ಚಿಕ್ಕದಿದ್ದಾಗ ಪರಿಚಯದವರ ಪಾಲೇ ಅರ್ಧಕ್ಕಿಂತ ಜಾಸ್ತಿ ಇರಬಹುದು, ನನಗೆ ಆಗಿದ್ದೂ ಅದೇ. ಸಬ್‌ಸ್ಕ್ರೈಬರ್ ಸಂಖ್ಯೆಯನ್ನು ಮೊದಲ ತಿಂಗಳುಗಳಲ್ಲಿ ನಾನು ಪಕ್ಕಕ್ಕಿಟ್ಟಿದ್ದೂ ಇದೇ ಕಾರಣಕ್ಕೆ.

ಮುಂದಿನ ಹೆಜ್ಜೆ ರಿಟೆನ್ಷನ್ ಗ್ರಾಫ್. ಇದು ಚಾನೆಲ್ಲಿನ ಪುಟದಲ್ಲಿ ನೋಡುವುದಕ್ಕಿಂತ ಒಂದೊಂದು ವಿಡಿಯೊವನ್ನು ತೆರೆದು ನೋಡಬೇಕಾದದ್ದು. ಹೊಸಬರು ಒಂದೇ ಒಂದು ಚಿತ್ರ ನೋಡುವುದಾದರೆ ಇದನ್ನೇ ನೋಡಲಿ ಅನ್ನುತ್ತೇನೆ. ವಿಡಿಯೊದ ಪ್ರತಿ ಕ್ಷಣದಲ್ಲೂ ಎಷ್ಟು ಪಾಲು ಜನ ನೋಡುತ್ತಿದ್ದರು ಅನ್ನುವುದು ಗೆರೆಯಾಗಿ ಕಾಣುತ್ತದೆ. ಹಾಕಿದ ತಕ್ಷಣ ಸಿಗುವುದಿಲ್ಲ, ಸಿದ್ಧವಾಗಲು ಒಂದೆರಡು ದಿನ ಬೇಕು. ಗೆರೆ ನಿಧಾನವಾಗಿ ಇಳಿಯುವುದು ಎಲ್ಲ ವಿಡಿಯೊಗಳಲ್ಲೂ ಇದ್ದದ್ದೇ. ನೋಡಬೇಕಾದದ್ದು ಎರಡು ಕಡೆ: ಮೊದಲ 30 ಸೆಕೆಂಡಿನಲ್ಲಿ ಎಷ್ಟು ಬಿತ್ತು, ಮತ್ತೆ ಮಧ್ಯದಲ್ಲಿ ಎಲ್ಲಿ ಗೆರೆ ಮೇಲೆದ್ದಿದೆ.

ನನ್ನ ಮೊದಲ ವಿಡಿಯೊದಲ್ಲಿ 30ನೇ ಸೆಕೆಂಡಿಗೆ ಉಳಿದವರು ಶೇಕಡಾ 46. ಆ 30 ಸೆಕೆಂಡಿನಲ್ಲಿ ನಾನು ಏನು ಮಾಡುತ್ತಿದ್ದೆ? ನಮಸ್ಕಾರ ಹೇಳಿದೆ, ನನ್ನ ಪರಿಚಯ ಹೇಳಿದೆ, ಚಾನೆಲ್ಲಿನಲ್ಲಿ ಮುಂದೆ ಏನೇನು ಬರಲಿದೆ ಅಂತ ಹೇಳಿದೆ. ಮೆಷಿನ್ ಇನ್ನೂ ತೋರಿಸಿಯೇ ಇರಲಿಲ್ಲ. ದಾರ ಸಿಕ್ಕಿಕೊಂಡು ಕೆಲಸ ನಿಂತವರು ಅಷ್ಟು ಹೊತ್ತು ಕಾಯುತ್ತಾರಾ?

ಆದರೆ ಆ ಕುಸಿತದಲ್ಲಿ ಲಿಂಕಿನಿಂದ ಬಂದ ಪರಿಚಯದವರೂ ಇದ್ದಾರಲ್ವಾ. ಬಿದ್ದದ್ದು ನನ್ನ ಮಾತಿನಿಂದಲೋ ಅವರಿಂದಲೋ ತಿಳಿಯಬೇಕಿತ್ತು. ಹಾಗಾಗಿ ಎರಡನೇ ವಿಡಿಯೊದಲ್ಲಿ ಒಂದನ್ನೇ ಬದಲಿಸಿದೆ. ಪರಿಚಯದ ಮಾತು ಹಾಗೇ ಇಟ್ಟೆ, ಲಿಂಕ್ ಮಾತ್ರ ಯಾರಿಗೂ ಕಳಿಸಲಿಲ್ಲ. 28 ದಿನಕ್ಕೆ 118 ವ್ಯೂಸ್ ಬಂತು, 30ನೇ ಸೆಕೆಂಡಿಗೆ ಶೇಕಡಾ 58 ಉಳಿದಿದ್ದರು. ಮೂರನೆಯದನ್ನೂ ಕಳಿಸಲಿಲ್ಲ, ಆದರೆ ಈ ಸಲ ಮೊದಲ ದೃಶ್ಯದಲ್ಲೇ ಹಾಳಾದ ಹೊಲಿಗೆಯನ್ನು ಹತ್ತಿರದಿಂದ ತೋರಿಸಿ, "ಇದು ಹೀಗಾಗುತ್ತಿದ್ದರೆ ಮೊದಲು ಇಲ್ಲಿ ನೋಡಿ" ಅಂತ ನೇರವಾಗಿ ಶುರು ಮಾಡಿದೆ. 164 ವ್ಯೂಸ್, 30ನೇ ಸೆಕೆಂಡಿಗೆ ಶೇಕಡಾ 71.

ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಶೇಕಡಾವಾರನ್ನು ನಂಬುವ ಮೊದಲು ಅದನ್ನು ತಲೆಗಳಾಗಿ ಬಿಡಿಸಿಕೊಳ್ಳುತ್ತೇನೆ. 118ರಲ್ಲಿ 58 ಅಂದರೆ 68 ಜನ, ಹೊರಟವರು 50. 164ರಲ್ಲಿ 71 ಅಂದರೆ 116 ಜನ, ಹೊರಟವರು 48. ಒಬ್ಬಿಬ್ಬರ ಹೆಚ್ಚುಕಡಿಮೆ ಇದಲ್ಲ. ಇದೇ ವ್ಯತ್ಯಾಸ 14 ವ್ಯೂಗಳ ಮೇಲೆ ಬಂದಿದ್ದರೆ ನಾನು ಗಮನಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಅಲ್ಲಿ ಒಬ್ಬ ಎದ್ದು ಹೋದರೂ ಶೇಕಡಾ 7 ಇಳಿಯುತ್ತದೆ. ನೂರು ವ್ಯೂಸ್ ಆಗುವವರೆಗೆ ಗ್ರಾಫ್ ನೋಡಿ ಯಾವ ತೀರ್ಮಾನಕ್ಕೂ ಬರಬಾರದು ಅಂತ ನನಗೆ ನಾನೇ ಹಾಕಿಕೊಂಡ ಗಡಿ.

ಇನ್ನು ಗೆರೆ ಮೇಲೆದ್ದ ಜಾಗ. ಮೊದಲ ವಿಡಿಯೊದಲ್ಲಿ 4 ನಿಮಿಷ 10 ಸೆಕೆಂಡಿನ ಹತ್ತಿರ ಒಂದು ಗುಡ್ಡ ಇತ್ತು. ಅದು ಸರಿಯಾಗಿ ನಾನು ಮೇಲಿನ ದಾರ ಪೋಣಿಸುವುದನ್ನು ತೋರಿಸಿದ ಜಾಗ. ಅಡಿಯಲ್ಲಿ ಗಂಟಾದರೆ ಎಲ್ಲರೂ ಬಾಬಿನ್ ಮೇಲೆ ಸಿಟ್ಟು ಮಾಡುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪಿರುವುದು ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸ್ಸರ್ ಫುಟ್ ಎತ್ತಿ ಇಟ್ಟೇ ದಾರ ಪೋಣಿಸಬೇಕು, ಆಗ ಟೆನ್ಷನ್ ಬಿಲ್ಲೆಗಳು ಬಿಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಫುಟ್ ಇಳಿಸಿ ಪೋಣಿಸಿದರೆ ದಾರ ಹೊರಗೇ ಉಳಿದು, ಬಿಗಿ ಸಿಗದೆ ಅಡಿಯಲ್ಲಿ ರಾಶಿಯಾಗುತ್ತದೆ.

ಗುಡ್ಡ ನೋಡಿ ಖುಷಿಪಟ್ಟೆ. ಇಷ್ಟಪಟ್ಟು ಮತ್ತೆ ಮತ್ತೆ ನೋಡಿದ್ದಾರೆ ಅಂದುಕೊಂಡೆ. ಒಂದು ಕಾಮೆಂಟ್ ಬಂದ ಮೇಲೆ ಇನ್ನೊಂದು ಅರ್ಥ ಹೊಳೆಯಿತು. "ಅಣ್ಣಾ, ದಾರ ಎಲ್ಲಿ ಹೋಗುತ್ತೆ ಅಂತ ಕಾಣ್ತಿಲ್ಲ, ನಿಮ್ಮ ಕೈ ಅಡ್ಡ ಬರ್ತಿದೆ" ಅಂತ ಒಬ್ಬರು ಬರೆದಿದ್ದರು. ಫೋನಿನಲ್ಲಿ ಆ ಜಾಗ ಹಾಕಿ ನೋಡಿದೆ. ನಿಜವಾಗಿಯೂ ಹೆಬ್ಬೆರಳು ಬಿಲ್ಲೆಗಳನ್ನು ಪೂರ್ತಿ ಮುಚ್ಚಿತ್ತು. ಜನ ಹಿಂದಕ್ಕೆ ಹೋಗಿ ಹೋಗಿ ನೋಡಿದ್ದು ಅರ್ಥವಾಗದೆ. ಗುಡ್ಡ ಅಂದರೆ ಜನ ಅಲ್ಲಿಗೆ ನೇರವಾಗಿ ಹಾರಿ ಬಂದಿದ್ದಾರೆ, ಇಲ್ಲವೇ ಹಿಂದಕ್ಕೆ ಎಳೆದು ನೋಡಿದ್ದಾರೆ ಅಂತ. ಯಾಕೆ ಅನ್ನುವುದನ್ನು ಗ್ರಾಫ್ ಹೇಳುವುದಿಲ್ಲ. ಆ 20 ಸೆಕೆಂಡನ್ನು ಹೊಸಬರ ಕಣ್ಣಿನಿಂದ ನೋಡಿ, ಕಾಮೆಂಟ್ ಓದಿ ನಾವೇ ಕಂಡುಕೊಳ್ಳಬೇಕು. ಆ ಒಂದು ಹೆಜ್ಜೆಗೇ ಆಮೇಲೆ ಬೇರೆ ವಿಡಿಯೊ ಮಾಡಿದೆ. ಕ್ಯಾಮೆರಾವನ್ನು ಎಡಗಡೆಯಿಂದ ಇಟ್ಟು, ಕಡುಗೆಂಪು ದಾರ ಹಾಕಿದೆ.

ಸಿಟಿಆರ್ ವಿಷಯದಲ್ಲಿ ಮಾತ್ರ ಒಂದು ಅವಸರ ಮಾಡಿದೆ. ಮೂರನೇ ವಿಡಿಯೊಗೆ ಮೊದಲ ದಿನ 90 ಇಂಪ್ರೆಷನ್ಸ್, 10 ಜನ ಒತ್ತಿದ್ದರು. ಶೇಕಡಾ 11. ಆರನೇ ದಿನ ನೋಡಿದರೆ ಶೇಕಡಾ 5. ಅರ್ಧಕ್ಕಿಂತ ಕೆಳಗೆ ಬಂತಲ್ಲ ಅಂತ ಅವತ್ತೇ ಥಂಬ್‌ನೇಲ್ ಬದಲಿಸಿದೆ. ಬದಲಿಸಿದ ಮೇಲೆ ಪಟ್ಟಿ ಬಿಡಿಸಿ ನೋಡಿದೆ, ಮೊದಲೇ ನೋಡಬೇಕಿತ್ತು. ಹುಡುಕಾಟದಲ್ಲಿ 650 ಸಲ ಕಂಡು 59 ಜನ ಒತ್ತಿದ್ದರು, ಶೇಕಡಾ 9. ಹೋಮ್ ಪುಟದಲ್ಲೂ ಬೇರೆ ವಿಡಿಯೊಗಳ ಪಕ್ಕದಲ್ಲೂ 1,200 ಸಲ ಕಂಡು 33 ಜನ ಒತ್ತಿದ್ದರು, ಶೇಕಡಾ 3ಕ್ಕಿಂತ ಕಡಿಮೆ. ಥಂಬ್‌ನೇಲ್‌ನಲ್ಲಿ ತಪ್ಪೇನೂ ಇರಲಿಲ್ಲ. ಯೂಟ್ಯೂಬ್ ಅದನ್ನು ಮೆಷಿನ್ ತೊಂದರೆ ಹುಡುಕದೇ ಇದ್ದ ಹೊಸ ಜನಕ್ಕೂ ತೋರಿಸಲು ಶುರು ಮಾಡಿತ್ತು. ಅಂಥವರಲ್ಲಿ ಒತ್ತುವವರು ಕಡಿಮೆಯೇ. ಇಂಪ್ರೆಷನ್ಸ್ ಏರುತ್ತಾ ಸಿಟಿಆರ್ ಇಳಿದರೆ ಅದು ಕೆಟ್ಟ ಸುದ್ದಿ ಅಲ್ಲ. ಇಂಪ್ರೆಷನ್ಸ್ ನಿಂತಲ್ಲೇ ನಿಂತು, ಹುಡುಕಾಟದ ಸಿಟಿಆರ್ ಒಂದೇ ಇಳಿಯುತ್ತಾ ಹೋದರೆ ಆಗ ಹೆಸರನ್ನೂ ಥಂಬ್‌ನೇಲನ್ನೂ ನೋಡಬೇಕು. ಅರ್ಧದಷ್ಟು ಚಾನೆಲ್‌ಗಳ, ವಿಡಿಯೊಗಳ ಸಿಟಿಆರ್ ಶೇಕಡಾ 2ರಿಂದ 10ರ ನಡುವೆ ಇರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ. ಅಷ್ಟು ಅಗಲದ ಪಟ್ಟಿಯಲ್ಲಿ ನನ್ನ 5 ಒಳ್ಳೆಯದೋ ಕೆಟ್ಟದ್ದೋ ಅಂತ ಬೇರೆಯವರ ಜೊತೆ ಹೋಲಿಸಿ ತಿಳಿಯಲು ಆಗುವುದಿಲ್ಲ. ನನ್ನದೇ ಹಿಂದಿನ ವಿಡಿಯೊ ಜೊತೆ, ಅದೂ ಒಂದೇ ದಾರಿಯಿಂದ ಬಂದವರನ್ನು ಹೋಲಿಸುತ್ತೇನೆ.

ಶಾರ್ಟ್ಸ್ ಹಾಕುವವರಿಗೆ ಒಂದು ಮಾತು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಒಮ್ಮೆ ಓಡಲು ಶುರುವಾದರೂ, ಮತ್ತೆ ಮೊದಲಿನಿಂದ ಓಡಿದರೂ ವ್ಯೂ ಅಂತಲೇ ಎಣಿಸುತ್ತಾರೆ. ಅದನ್ನು ಉದ್ದದ ವಿಡಿಯೊದ ವ್ಯೂಸ್ ಪಕ್ಕದಲ್ಲಿಟ್ಟು ನೋಡಬೇಡಿ. ಹಳೆಯ ಎಣಿಕೆ ಎಂಗೇಜ್ಡ್ ವ್ಯೂಸ್ ಅನ್ನುವ ಹೆಸರಲ್ಲಿ ಈಗಲೂ ಸ್ಟುಡಿಯೊದಲ್ಲಿ ಸಿಗುತ್ತದೆ.

ವಯಸ್ಸು, ಯಾವ ದೇಶ, ವೀಕ್ಷಕರು ಯಾವ ಹೊತ್ತಿನಲ್ಲಿ ಯೂಟ್ಯೂಬಿನಲ್ಲಿ ಇರುತ್ತಾರೆ ಅನ್ನುವ ಪುಟಗಳನ್ನು ನಾನಿನ್ನೂ ತೆರೆಯುವುದಿಲ್ಲ. ಎಷ್ಟೋ ಸಲ ಅಲ್ಲಿ ತೋರಿಸಲು ಸಾಕಾಗುವಷ್ಟು ಮಾಹಿತಿ ಇಲ್ಲ ಅಂತಲೇ ಬರುತ್ತದೆ. 48 ಗಂಟೆಯ ರಿಯಲ್‌ಟೈಮ್ ಕಾರ್ಡನ್ನೂ ಫೋನಿನಲ್ಲಿ ನೋಡುವುದು ಬಿಟ್ಟೆ. ಹುಡುಕಾಟದ ಪದಗಳ ಪಟ್ಟಿಯನ್ನು ಮಾತ್ರ ಬಿಡುವುದಿಲ್ಲ. ಟ್ರಾಫಿಕ್ ಸೋರ್ಸ್ ಒಳಗೆ ಯೂಟ್ಯೂಬ್ ಸರ್ಚ್ ಒತ್ತಿದರೆ ಜನ ಏನು ಟೈಪ್ ಮಾಡಿ ಬಂದರು ಅಂತ ಕಾಣುತ್ತದೆ. ನಾನು "ಬಾಬಿನ್ ದಾರದ ತೊಂದರೆ" ಅಂತ ಹೆಸರಿಟ್ಟಿದ್ದೆ. ಬಂದವರಲ್ಲಿ ಹೆಚ್ಚಿನವರು ಬರೆದದ್ದು "ಕೆಳಗೆ ದಾರ ಗಂಟಾಗುತ್ತೆ" ಅಂತ. ನಾಲ್ಕನೇ ವಿಡಿಯೊಗೆ ಆ ಮಾತನ್ನೇ ಹೆಸರಾಗಿ ಇಟ್ಟೆ.