ಡಾಲರ್ ಕುಸಿದರೂ ರೈತನ ದರ ಉಳಿಯಬೇಕು: ರಫ್ತು ಬೆಲೆಗೆ ಬಫರ್ ಇಟ್ಟ ನಮ್ಮ ಲೆಕ್ಕ

ರಫ್ತು ಒಪ್ಪಂದ ಡಾಲರ್‌ನಲ್ಲಿ, ರೈತರಿಗೆ ಪಾವತಿ ನಮ್ಮ ದೇಶದ ಹಣದಲ್ಲಿ. ಹಾಗಿದ್ದಾಗ ಭಯಪಡಬೇಕಾದದ್ದು ಯಾವ ಕುಸಿತಕ್ಕೆ ಎಂಬುದನ್ನು ರೈತರ ಸಂಘದ ಸಭೆಯಲ್ಲಿ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಹಣ ಕುಸಿದರೆ ಪ್ರತಿ ಡಾಲರ್‌ಗೆ ಹೆಚ್ಚು ಸಿಗುತ್ತದೆ, ಲೆಕ್ಕದ ಪುಸ್ತಕದಲ್ಲಿ ಅದು ಲಾಭ. ಪೆಟ್ಟು ಬೀಳುವುದು ಸಹಿ ಹಾಕಿದ ಮೇಲೆ, ಹಣ ಕೈಗೆ ಬರುವ ಮೊದಲು ಡಾಲರ್ ಕುಸಿದಾಗ. ಬಫರ್, ಅಂದರೆ ಕುಸಿತವನ್ನು ತಾಳಿಕೊಳ್ಳಲು ಬೆಲೆಯೊಳಗೆ ಸೇರಿಸುವ ಹೆಚ್ಚುವರಿ, ಇಡುವುದು ಆ ಅವಧಿಗೆ. (ನಮ್ಮ ಹಣ ಕುಸಿದಾಗಲೂ ಒಂದು ತೊಂದರೆ ಉಂಟು. ಅದು ದರದ್ದಲ್ಲ, ಸರಕಿನದು. ಮುಂದೆ ಬರುತ್ತದೆ.)

ನಾವು ಬಳಸುವ ಕ್ರಮವನ್ನು ಒಂದು ಒಪ್ಪಂದದ ಮೇಲೆ ಬಿಡಿಸಿ ತೋರಿಸುತ್ತೇನೆ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಆರಿಸಿದ್ದೇನೆ. ಯಾವ ದೇಶದ ಹಣವಾದರೂ ಲೆಕ್ಕ ಇದೇ ಆದ್ದರಿಂದ ಸ್ಥಳೀಯ ಹಣವನ್ನು 'ನಾಣ್ಯ' ಎನ್ನುತ್ತೇನೆ. ಬೆಲೆ ಹೇಳುವ ದಿನ 1 ಡಾಲರ್‌ಗೆ 100 ನಾಣ್ಯ. ಸರಕು 100 ಟನ್ ಒಣ ಬೆಳೆ, ತಿಂಗಳಿಗೆ 20 ಟನ್ನಿನ ಒಂದು ಕಂಟೇನರ್‌ನಂತೆ ಐದು ಸಾಗಣೆ. ಸಾಗಣೆ ಬಾಡಿಗೆ ಮತ್ತು ವಿಮೆ ನಮ್ಮದು. ಹಡಗಿಗೆ ಏರಿಸಿದ 60 ದಿನಕ್ಕೆ ಖರೀದಿದಾರರು ಹಣ ಕೊಡಬೇಕು.

ಮೊದಲ ಕೆಲಸ ವೆಚ್ಚವನ್ನು ಎರಡು ರಾಶಿ ಮಾಡುವುದು: ನಾಣ್ಯದಲ್ಲಿ ಹೋಗುವುದು ಬೇರೆ, ಡಾಲರ್‌ನಲ್ಲೇ ಹೋಗುವುದು ಬೇರೆ. ಸ್ವಚ್ಛಗೊಳಿಸುವಾಗಿನ ತೂಕನಷ್ಟವನ್ನೂ ಸೇರಿಸಿ ಕಿಲೋಗೆ ರೈತರಿಗೆ 180. ಸಂಸ್ಕರಣೆ, ವಿಂಗಡಣೆ, ಚೀಲಕ್ಕೆ 30. ಬಂದರಿನ ತನಕ 12. ಸಾಲದ ಬಡ್ಡಿ ಮತ್ತು ಕಚೇರಿ ಖರ್ಚು 8. ಒಟ್ಟು 230, ಸಂಘದ ನಿಧಿಗೆ 10 ಸೇರಿಸಿದರೆ 240 ನಾಣ್ಯ. ಹಡಗಿನ ಬಾಡಿಗೆ ಮತ್ತು ವಿಮೆ ಕಂಟೇನರ್‌ಗೆ 2,000 ಡಾಲರ್, ಅಂದರೆ ಕಿಲೋಗೆ 0.10 ಡಾಲರ್. ಈ 0.10ಕ್ಕೆ ಬಫರ್ ಬೇಡ, ಡಾಲರ್ ಬಂದು ಡಾಲರ್ ಆಗಿಯೇ ಹೋಗುತ್ತದೆ. ಪೂರ್ತಿ ಬೆಲೆಯ ಮೇಲೆ ಬಫರ್ ಹಾಕುವವರು ಕಾರಣವಿಲ್ಲದೆ ಬೆಲೆ ಏರಿಸಿಕೊಂಡು ಒಪ್ಪಂದವನ್ನೇ ಕಳೆದುಕೊಳ್ಳುತ್ತಾರೆ.

ಬಫರ್ ಇಲ್ಲದ ಬೆಲೆ 240 ÷ 100 + 0.10 = 2.50 ಡಾಲರ್. ಇದಕ್ಕೆ ಸಹಿ ಹಾಕಿದ ಮೇಲೆ ಡಾಲರ್ 90ಕ್ಕೆ ಇಳಿದರೆ, ಕಿಲೋಗೆ ಉಳಿಯುವ 2.40 ಡಾಲರ್ 216 ನಾಣ್ಯವಷ್ಟೇ ಆಗುತ್ತದೆ. ವೆಚ್ಚವೇ 230. ನೂರು ಟನ್ನಿಗೆ 14 ಲಕ್ಷ ನಾಣ್ಯ ನಷ್ಟ. ಅದು ನೇರವಾಗಿ ರೈತರ ಅಂತಿಮ ಪಾವತಿಯಿಂದಲೇ ಹೋಗಬೇಕು, ಸಂಘಕ್ಕೆ ಬೇರೆ ಜೇಬಿಲ್ಲ.

ಹಾಗಾದರೆ ಬಫರ್ ಎಷ್ಟು? ಐದು ಶೇಕಡಾ ಇಟ್ಟರಾಯಿತು ಎಂದು ಅಂದಾಜಿನಲ್ಲಿ ಹೇಳುವುದು ನಮಗೆ ಒಪ್ಪಿಗೆಯಿಲ್ಲ. ಬಫರ್ ಅವಲಂಬಿಸುವುದು ದಿನಗಳ ಮೇಲೆ. ಬೆಲೆ ಹೇಳಿದ ದಿನದಿಂದ ಮೊದಲ ಸಾಗಣೆಗೆ 45 ದಿನ, ಕೊನೆಯದಕ್ಕೆ 165 ದಿನ. ಪಾವತಿಯ 60 ದಿನ ಸೇರಿಸಿದರೆ ಹಣ ಬರುವುದು 105, 135, 165, 195 ಮತ್ತು 225ನೇ ದಿನಗಳಂದು. ಹಲವರು ಹಡಗು ಹೊರಡುವ ದಿನದ ತನಕ ಮಾತ್ರ ಎಣಿಸುತ್ತಾರೆ. ದರದ ಅಪಾಯ ಮುಗಿಯುವುದು ಬ್ಯಾಂಕಿನಲ್ಲಿ ಡಾಲರ್ ನಾಣ್ಯವಾದ ದಿನ.

ಕೊನೆಯ ಎರಡು ಪಾವತಿಗಳ ಸರಾಸರಿ 210 ದಿನ, ಅಂದರೆ ಸುಮಾರು 150 ವಹಿವಾಟಿನ ದಿನ. ಕೇಂದ್ರ ಬ್ಯಾಂಕ್ ಪ್ರಕಟಿಸುವ ದೈನಂದಿನ ದರವನ್ನು ಐದು ವರ್ಷದಷ್ಟು ಇಳಿಸಿಕೊಂಡು, ಹಳೆಯ ದಿನ ಮೇಲೆ ಬರುವಂತೆ B ಕಾಲಂನಲ್ಲಿ ಇಡುತ್ತೇವೆ. ಮೊದಲ ಸೂತ್ರ C2ರಲ್ಲಿ, ಅದನ್ನು ಕೆಳಗಿನ ತನಕ ಎಳೆಯಬೇಕು. ಎರಡನೆಯದು ಬೇರೆ ಖಾಲಿ ಕೋಶದಲ್ಲಿ.

```
=IF(B152="","",B152/B2-1)
=PERCENTILE(C2:C1100,0.1)
```

ಪ್ರತಿ ದಿನದಿಂದ 150 ವಹಿವಾಟಿನ ದಿನದ ನಂತರ ಡಾಲರ್ ಎಷ್ಟು ಏರಿತ್ತು ಅಥವಾ ಇಳಿದಿತ್ತು ಎಂಬುದು ಮೊದಲನೆಯದು. ಹತ್ತರಲ್ಲಿ ಒಂಬತ್ತು ಸಲ ಇದಕ್ಕಿಂತ ಕೆಳಗೆ ಇಳಿಯಲಿಲ್ಲ ಎಂಬ ಗಡಿ ಎರಡನೆಯದು. ನಮ್ಮ ಉದಾಹರಣೆಯಲ್ಲಿ ಅದು −5.8 ಶೇಕಡಾ ಎಂದಿಟ್ಟುಕೊಂಡು, ಮೇಲಕ್ಕೆ ಸರಿಹೊಂದಿಸಿ 6 ಎನ್ನೋಣ. ದಶಾಂಶಕ್ಕೆ ಜೋತುಬೀಳಬೇಡಿ. ಸಾವಿರ ಸಾಲು ಕಂಡರೂ ಅವು ಒಂದರ ಮೇಲೊಂದು ಹೊದ್ದಿರುವ ಅವಧಿಗಳು. ಐದು ವರ್ಷದಲ್ಲಿ ಪ್ರತ್ಯೇಕವಾಗಿ ನಿಲ್ಲುವ 210 ದಿನಗಳ ಅವಧಿ ಎಂಟೇ ಎಂಟು. ಇನ್ನೊಂದು ಎಚ್ಚರಿಕೆ: ಸರ್ಕಾರ ಬಿಗಿಹಿಡಿದಿರುವ ವಿನಿಮಯ ದರ ವರ್ಷಗಟ್ಟಲೆ ಅಲುಗಾಡದೆ ಕೂತು, ಒಂದೇ ದಿನ ಜಿಗಿಯಬಹುದು. ಅಂಥಲ್ಲಿ ಈ ಸೂತ್ರ ಸುಳ್ಳು ಸಮಾಧಾನ ಕೊಡುತ್ತದೆ.

6 ಶೇಕಡಾ ಇಳಿದ ದರ 94. ಅದೇ ನಮ್ಮ ಬಜೆಟ್ ದರ. 240ನ್ನು 94ರಿಂದ ಭಾಗಿಸಬೇಕು, 2.40ಕ್ಕೆ 6 ಶೇಕಡಾ ಕೂಡಿಸಬಾರದು. ಸಣ್ಣ ಬಫರ್‌ನಲ್ಲಿ ವ್ಯತ್ಯಾಸ ಕಾಣದು. ಆದರೆ 10 ಶೇಕಡಾ ಕುಸಿತವನ್ನು ತುಂಬಲು ಬೆಲೆಗೆ 11.1 ಶೇಕಡಾ ಸೇರಬೇಕು. ಭಾಗಿಸಿದರೆ 2.55, ಬಾಡಿಗೆ ಸೇರಿ 2.65 ಡಾಲರ್.

ಖರೀದಿದಾರರು ಇದಕ್ಕೆ ಒಪ್ಪುವುದು ಅಪರೂಪ. 2.56 ಕೊಡುತ್ತೇವೆ ಎನ್ನುತ್ತಾರೆ. ಆಗ ಚೌಕಾಸಿಯಲ್ಲಿ ಬಫರ್ ಕತ್ತರಿಸಿ 'ಆದದ್ದಾಗಲಿ' ಎಂದು ಸಹಿ ಹಾಕುವ ಬದಲು, ಬಫರ್ ಬೇಕಾದ ಸರಕನ್ನೇ ಕಡಿಮೆ ಮಾಡುತ್ತೇವೆ. ಮೊದಲ ಮೂರು ಸಾಗಣೆಯ ಡಾಲರ್‌ಗಳನ್ನು ಬ್ಯಾಂಕಿಗೆ ಫಾರ್ವರ್ಡ್ ಒಪ್ಪಂದದಲ್ಲಿ, ಅಂದರೆ ಮುಂದೆ ಒಪ್ಪಿಸುವ ಡಾಲರ್‌ಗೆ ಇಂದೇ ದರ ನಿಗದಿ ಮಾಡಿಕೊಂಡು, ಈಗಲೇ ಮಾರಿಬಿಡುತ್ತೇವೆ. ನಮ್ಮ ದೇಶದ ಬಡ್ಡಿದರ ಡಾಲರ್ ಬಡ್ಡಿಗಿಂತ ಹೆಚ್ಚಿದ್ದರೆ ಫಾರ್ವರ್ಡ್ ದರ ಇಂದಿನದಕ್ಕಿಂತ ಮೇಲಿರುತ್ತದೆ, ಕಡಿಮೆಯಿದ್ದರೆ ಕೆಳಗೆ. ಬ್ಯಾಂಕಿನ ಪಾಲು ಕಳೆದು 101 ಸಿಕ್ಕಿತು ಎಂದುಕೊಳ್ಳೋಣ. ಅರವತ್ತು ಟನ್ 101ರಲ್ಲಿ, ನಲವತ್ತು ಟನ್ 94ರಲ್ಲಿ: ಮಿಶ್ರ ದರ 98.2. ಈಗ 240 ÷ 98.2 + 0.10 = 2.544. ಖರೀದಿದಾರರ 2.56ರೊಳಗೆ ನಮ್ಮ ಬಫರ್ ಪೂರ್ತಿ ಕೂತಿತು.

ಹಾಗಿದ್ದರೆ ನೂರು ಟನ್ನನ್ನೂ ಏಕೆ ಮಾರಬಾರದು ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕಾರ್ಖಾನೆಯಾದರೆ ಮಾರಬಹುದಿತ್ತು. ರೈತರ ಸಂಘಕ್ಕೆ ಸರಕು ಖಾತ್ರಿಯಿಲ್ಲ. ನಮ್ಮ ಹಣ ಕುಸಿದು ಡಾಲರ್ 110ಕ್ಕೆ ಏರಿತೆನ್ನಿ. ರಫ್ತಾಗುವ ಬೆಳೆಗೆ ಸ್ಥಳೀಯ ವ್ಯಾಪಾರಿಗಳೂ ಕೂಡಲೇ ಹೆಚ್ಚು ಕೊಡತೊಡಗುತ್ತಾರೆ, ಸದಸ್ಯರು ಹೊರಗೆ ಮಾರುತ್ತಾರೆ. ಅಂದರೆ ಸರಕು ಕಡಿಮೆಯಾಗುವುದೂ ಡಾಲರ್ ದುಬಾರಿಯಾಗುವುದೂ ಒಟ್ಟಿಗೇ ಬರುತ್ತವೆ. 2.56ರಲ್ಲಿ ಬಾಡಿಗೆ ಕಳೆದು ಕಿಲೋಗೆ 2.46ರಂತೆ ನೂರು ಟನ್ನಿನ 2,46,000 ಡಾಲರ್ ಅನ್ನೂ ಫಾರ್ವರ್ಡ್‌ನಲ್ಲಿ ಮಾರಿದ್ದು, 60 ಟನ್ ಮಾತ್ರ ಕೈಗೆ ಬಂದರೆ 98,400 ಡಾಲರ್ ಕಡಿಮೆ ಬೀಳುತ್ತದೆ. ಅದನ್ನು 110ಕ್ಕೆ ಕೊಂಡು 101ಕ್ಕೆ ಬ್ಯಾಂಕಿಗೆ ಒಪ್ಪಿಸಬೇಕು: 8,85,600 ನಾಣ್ಯ ನಷ್ಟ, ಅದೂ ಇಲ್ಲದ ಸರಕಿನ ಮೇಲೆ. ಖರೀದಿದಾರರಿಗೆ ಕಟ್ಟಬೇಕಾದ ದಂಡ ಬೇರೆ. ಆದ್ದರಿಂದ ನಮ್ಮ ನಿಯಮ ಗಟ್ಟಿ: ಗೋದಾಮಿನಲ್ಲಿರುವುದು, ಇಲ್ಲವೇ ಹಿಂದಿನ ಅತಿ ಕೆಟ್ಟ ಹಂಗಾಮಿನಲ್ಲೂ ಬಂದಿದ್ದ ಪ್ರಮಾಣ, ಅಷ್ಟಕ್ಕೆ ಮಾತ್ರ ಫಾರ್ವರ್ಡ್.

ಫಾರ್ವರ್ಡ್ ತೆಗೆದುಕೊಳ್ಳುವಾಗ ಒಂದೇ ದಿನಾಂಕ ಹಾಕಿಸಬಾರದು. ಹಡಗು ತಡವಾಗುತ್ತದೆ, ಪಾವತಿ ವಾರಗಟ್ಟಲೆ ಜಗ್ಗುತ್ತದೆ, ಅವಧಿ ಮುಂದೂಡಲು ಬ್ಯಾಂಕ್ ಮತ್ತೆ ಹಣ ಕೇಳುತ್ತದೆ. ತಿಂಗಳೊಳಗೆ ಯಾವ ದಿನವಾದರೂ ಡಾಲರ್ ಒಪ್ಪಿಸಬಹುದಾದ ಫಾರ್ವರ್ಡ್ ಕೇಳಿ. ದರ ಸ್ವಲ್ಪ ಕಡಿಮೆ ಸಿಕ್ಕರೂ ಅದೇ ಒಳ್ಳೆಯದು.

ಉಳಿದ ಎರಡು ಸಾಗಣೆಗೆ ಬೆಲೆಯೊಳಗಿನ ಬಫರ್ ಜೊತೆಗೆ ಒಪ್ಪಂದದಲ್ಲೇ ಒಂದು ದರ ಷರತ್ತು ಬರೆಸುತ್ತೇವೆ. ಮೂಲ ದರ 100. ಮೂರು ಶೇಕಡಾ ಆಚೀಚೆಯಾದರೆ ಬೆಲೆ ಬದಲಾಗದು. ಅದರಾಚೆಗಿನ ವ್ಯತ್ಯಾಸದ ಅರ್ಧದಷ್ಟು, ಬಾಡಿಗೆ ಕಳೆದ 2.46 ಡಾಲರ್ ಬೆಲೆಯ ಮೇಲೆ, ಡಾಲರ್ ಕುಸಿದರೆ ಏರುತ್ತದೆ, ಡಾಲರ್ ಏರಿದರೆ ಇಳಿಯುತ್ತದೆ. ಯಾವ ದರ, ಯಾವ ದಿನದ್ದು ಎಂಬುದನ್ನು ಬರೆಯದ ಷರತ್ತು ಜಗಳಕ್ಕೆ ದಾರಿ. ನಾವು ಬರೆಸುವುದು: ಸರಕು ಹಡಗಿಗೆ ಏರಿಸಿದ್ದಕ್ಕೆ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್‌ನ ದಿನಾಂಕಕ್ಕಿಂತ ಹಿಂದಿನ ಐದು ಕೆಲಸದ ದಿನಗಳ ಕೇಂದ್ರ ಬ್ಯಾಂಕ್ ದರದ ಸರಾಸರಿ. ಆ ದಿನದಿಂದ ಹಣ ಬರುವ ತನಕದ 60 ದಿನದ ಏರಿಳಿತ ಷರತ್ತಿನ ಹೊರಗೇ ಉಳಿಯುತ್ತದೆ, ಅದನ್ನು ಬಫರ್ ಹೊರಬೇಕು.

ಈ ಷರತ್ತು ಫಾರ್ವರ್ಡ್ ಮಾಡಿದ ಸಾಗಣೆಗಳಿಗೆ ಅನ್ವಯಿಸದು ಎಂದು ಬಿಡಿಸಿ ಬರೆಯಲೇಬೇಕು. ಇಲ್ಲದಿದ್ದರೆ ಡಾಲರ್ ಏರಿದಾಗ ಖರೀದಿದಾರರು ರಿಯಾಯಿತಿ ಕೇಳುತ್ತಾರೆ, ನಮಗೆ ಮಾತ್ರ ಏರಿಕೆಯ ಲಾಭ ಬಂದಿರುವುದಿಲ್ಲ, ಏಕೆಂದರೆ ಆ ಡಾಲರ್ 101ಕ್ಕೆ ಆಗಲೇ ಮಾರಿಹೋಗಿದೆ. ಕರಡು ಓದುವಾಗ ಸುಲಭವಾಗಿ ಕಣ್ತಪ್ಪುವ ಸಾಲು ಇದು.

ಈಗ ಅದೇ ಕುಸಿತವನ್ನು ಹಾಕಿ ನೋಡೋಣ. ಸಾಗಣೆಯ ಹೊತ್ತಿಗೆ ಡಾಲರ್ 90, ಹಣ ಬಂದಾಗಲೂ 90. ಮೊದಲ ಮೂರು ಸಾಗಣೆಗೆ ಕಿಲೋಗೆ 2.46 × 101 = 248.5 ನಾಣ್ಯ. ಉಳಿದೆರಡಕ್ಕೆ ಕುಸಿತ 10 ಶೇಕಡಾ, ಮೂರರಾಚೆಗಿನದು 7, ಅದರರ್ಧ 3.5, ಬೆಲೆ 2.546 ಆಗಿ 229.1 ನಾಣ್ಯ. ಒಟ್ಟು ಸರಾಸರಿ 240.7. ಬಜೆಟ್ ದರಕ್ಕಿಂತ ಕೆಳಗೆ ಹೋದರೂ ರೈತರ 180 ಮತ್ತು ಸಂಘದ 10 ಎರಡೂ ಉಳಿದವು.

ಸಹಿಯಾದ ಮೇಲೆ ವಾರಕ್ಕೊಮ್ಮೆ ನೋಡುವುದು ಒಂದೇ ಅಂಕಿ. ಫಾರ್ವರ್ಡ್‌ನಿಂದ ಖಚಿತವಾದ ಪಾಲು ಕಿಲೋಗೆ 149.1 ನಾಣ್ಯ. 240 ತಲುಪಲು ಉಳಿದ 90.9ನ್ನು 0.984 ಡಾಲರ್‌ನಿಂದ ತರಬೇಕು, ಅಂದರೆ ಷರತ್ತಿನ ನೆರವಿಲ್ಲದೆ 92.4 ದರ ಬೇಕು. ಡಾಲರ್ 95ಕ್ಕೆ ಇಳಿದ ದಿನ ನಾಲ್ಕನೇ ಸಾಗಣೆಯ ಸರಕು ಗೋದಾಮಿನಲ್ಲಿದ್ದರೆ ಅದನ್ನೂ ಫಾರ್ವರ್ಡ್ ಮಾಡುತ್ತೇವೆ. ಆ ಸಾಗಣೆಗೆ ಷರತ್ತು ಅನ್ವಯಿಸದು ಎಂದು ಖರೀದಿದಾರರಿಗೆ ಅದೇ ದಿನ ತಿಳಿಸುವ ಹಕ್ಕನ್ನೂ ಒಪ್ಪಂದದಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಸರಕು ಬಂದಿಲ್ಲದಿದ್ದರೆ ಕೈಹಾಕುವುದಿಲ್ಲ, ಎಷ್ಟೇ ಆತಂಕವಿದ್ದರೂ.

ಡಾಲರ್ 100ರಲ್ಲೇ ನಿಂತರೆ ಕಿಲೋಗೆ ಸುಮಾರು 247.5 ಬರುತ್ತದೆ, 7.5 ನಾಣ್ಯ ಹೆಚ್ಚುವರಿ. ಇದನ್ನು ಹಂಚುವ ನಿಯಮ ಹಂಗಾಮಿಗೆ ಮೊದಲೇ ಸಭೆಯ ನಡಾವಳಿಯಲ್ಲಿ ಇರಬೇಕು: ಮೂರರಲ್ಲಿ ಎರಡು ಪಾಲು ಸರಕು ಕೊಟ್ಟ ಸದಸ್ಯರಿಗೆ ಕಿಲೋ ಲೆಕ್ಕದಲ್ಲಿ, ಒಂದು ಪಾಲು ಬೇರೆ ಖಾತೆಯ ದರ ನಿಧಿಗೆ. ಹಂಚುವುದು ಐದನೇ ಪಾವತಿ ಬಂದ ಮೇಲೆ. ಮೊದಲ ಮೂರು ಪಾವತಿ 248.5ರಂತೆ ಬಂದಾಗ ಲಾಭ ಎದ್ದು ಕಾಣುತ್ತದೆ, ಈಗಲೇ ಕೊಡಿ ಎಂಬ ಒತ್ತಡ ಸಹಜ. ಆದರೆ ಆ 8.5 ನಾಣ್ಯ ಕೊನೆಯ ನಲವತ್ತು ಟನ್ನಿನ ಬಫರ್, ಐದನೇ ಕಂಟೇನರಿನ ಹಣ ಬರುವ ತನಕ ಅದನ್ನು ಮುಟ್ಟುವುದಿಲ್ಲ.