ಹಾಡಿನ ಸಾಲು ಕಳುಹಿಸುವಾಗ ಇಷ್ಟು ಗಮನಿಸಿ

ಮದುವೆಯಾಗಿ ಹನ್ನೆರಡು ವರ್ಷವಾದರೂ ಹೆಂಡತಿಗೆ ಎದುರಿಗೆ ಕೃತಜ್ಞತೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಕಳೆದ ತಿಂಗಳು ಕೆ.ಎಸ್. ನರಸಿಂಹಸ್ವಾಮಿಯವರ 'ನಿನ್ನೊಲುಮೆಯಿಂದಲೆ ಬಾಳು ಬೆಳಕಾಗಿರಲು' ಹಾಡನ್ನು ಕಳುಹಿಸಿದೆ. ಬೇರೆ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದನ್ನೇ ಮುಂದಕ್ಕೆ ದಾಟಿಸಿದ್ದೆ. ಮೇಲೆ 'ಫಾರ್ವರ್ಡ್' ಎಂಬ ಗುರುತು ಕಂಡು, ಬೆಳಗಿನ ಶುಭೋದಯ ಸಂದೇಶಗಳ ಜೊತೆಗೆ ಅದನ್ನೂ ಅವಳು ಅಳಿಸಿಬಿಟ್ಟಳು.

ಎರಡನೇ ಸಲ ಕೊಂಡಿಯನ್ನು ನಾನೇ ನಕಲಿಸಿ ಹೊಸದಾಗಿ ಅಂಟಿಸಿದೆ. ಆಗ ಆ ಗುರುತು ಬರುವುದಿಲ್ಲ. ನಮಗೆ ಬೇಕಾದ ಸಾಲು ಹಾಡಿನ ಮಧ್ಯದಲ್ಲಿದ್ದರೆ, ಯೂಟ್ಯೂಬ್ ಕೊಂಡಿಯ ಕೊನೆಗೆ ಸೆಕೆಂಡುಗಳನ್ನು ಸೇರಿಸಿ. ಒಂದು ನಿಮಿಷ ಹದಿನೈದು ಸೆಕೆಂಡಿಗೆ ಹೀಗೆ:

```
&t=75
```

ಕೊಂಡಿಯಲ್ಲಿ ಮೊದಲೇ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದರೆ & ಬದಲು ? ಹಾಕಬೇಕು.

ಕಳುಹಿಸುವ ಮೊದಲು ಮುಂದಿನ ಚರಣವನ್ನೂ ಕೇಳಿ ನೋಡಿ. ಪಲ್ಲವಿ ಒಲವಿನದಾಗಿದ್ದು ಚರಣ ಅಗಲಿಕೆಯದಾಗಿದ್ದರೆ ಕೇಳುವವರು ಗಾಬರಿಯಾಗುತ್ತಾರೆ. ಸ್ಟೇಟಸ್‌ನಲ್ಲಿ ಹಾಕಬೇಡಿ, ಯಾರಿಗೆಂದು ಊರೆಲ್ಲ ಊಹಿಸುತ್ತದೆ. ಕೆಳಗೆ ನಿಮ್ಮದೇ ಒಂದು ವಾಕ್ಯ ಇರಲೇಬೇಕು. ನಾನು ಬರೆದದ್ದು: 'ಅಮ್ಮ ಆಸ್ಪತ್ರೆಯಲ್ಲಿದ್ದ ಆ ಹತ್ತು ದಿನ ನೆನಪಾಯಿತು.' ಸಂಜೆ ಅವಳು ಆ ದಿನಗಳ ಬಗ್ಗೆ ತಾನಾಗಿಯೇ ಮಾತು ತೆಗೆದಳು.