ಫೆಬ್ರುವರಿ 29ರ ಮಗುವಿಗೆ ಕೇಕ್ ಯಾವತ್ತು?

ಮಂಡ್ಯದಲ್ಲಿರುವ ನಮ್ಮಕ್ಕನ ಮಗಳು ಹುಟ್ಟಿದ್ದು 2024ರ ಫೆಬ್ರುವರಿ 29ರಂದು, ಬೆಳಿಗ್ಗೆ 10.40ಕ್ಕೆ. ಮೊದಲ ಹುಟ್ಟುಹಬ್ಬ ಬಂದಾಗ ಮನೆಯಲ್ಲಿ ಎರಡು ಪಕ್ಷವಾಯಿತು. 'ಫೆಬ್ರುವರಿ ಮಗು, 28ಕ್ಕೇ ಮಾಡೋಣ' ಎಂದರು ಭಾವ. 'ಒಂದು ದಿನ ಮುಂಚೆನೇ ಯಾಕ್ರೀ? ಮಾರ್ಚ್ 1ಕ್ಕೆ ಮಾಡೋಣ' ಎಂದಳು ಅಕ್ಕ. ಈ ಜಗಳ ಬಿಡಿಸಲು ಒಂದು ಸುಲಭದ ಲೆಕ್ಕವಿದೆ.

ಮೊದಲು ಹುಟ್ಟಿದ ಸಮಯ ಹುಡುಕಿ. ಜಾತಕ ಬರೆಸಿದ್ದರೆ ಅದರಲ್ಲಿ ಇದ್ದೇ ಇರುತ್ತದೆ.

ಆಮೇಲೆ ವರ್ಷಕ್ಕೆ 6 ಗಂಟೆಯಂತೆ ಕೂಡಿಸುತ್ತಾ ಹೋಗಿ. ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಲು 365 ದಿನದ ಮೇಲೆ ಸುಮಾರು 6 ಗಂಟೆ ಬೇಕು. ಆ ಹೆಚ್ಚುವರಿ ಗಂಟೆಗಳೇ ನಾಲ್ಕು ವರ್ಷಕ್ಕೊಮ್ಮೆ 29 ಆಗಿ ಬರುವುದು. ನಮ್ಮ ಮಗುವಿಗೆ 365 ದಿನ ತುಂಬಿದ್ದು 2025ರ ಫೆಬ್ರುವರಿ 28ರ ಬೆಳಿಗ್ಗೆ 10.40ಕ್ಕೆ. ಆರು ಗಂಟೆ ಕೂಡಿಸಿದರೆ ಅದೇ ದಿನ ಸಂಜೆ 4.40. 2026ರಲ್ಲಿ 28ರ ರಾತ್ರಿ 10.40. 2027ರಲ್ಲಿ ಮಾರ್ಚ್ 1ರ ಬೆಳಗಿನ ಜಾವ 4.40. ಅಂದರೆ ಎರಡು ವರ್ಷ ಭಾವನ ಮಾತು, ಮೂರನೇ ವರ್ಷ ಅಕ್ಕನ ಮಾತು! 2028ರಲ್ಲಿ 29 ತಾನಾಗಿಯೇ ಬರುತ್ತದೆ.

ನಡುರಾತ್ರಿ ಕಳೆದು 4 ಗಂಟೆಗೆ ಹುಟ್ಟಿದ ಮಗುವಿಗೆ ಮೂರು ವರ್ಷವೂ 28. ರಾತ್ರಿ 8ಕ್ಕೆ ಹುಟ್ಟಿದ್ದರೆ ಮೂರು ವರ್ಷವೂ ಮಾರ್ಚ್ 1. ಒಂದು ಎಚ್ಚರಿಕೆ: ನಿಜವಾದ ಹೆಚ್ಚುವರಿ 6 ಗಂಟೆಗಿಂತ ವರ್ಷಕ್ಕೆ ಸುಮಾರು 11 ನಿಮಿಷ ಕಡಿಮೆ, ಮೂರನೇ ವರ್ಷಕ್ಕೆ ಅದು ಅರ್ಧ ಗಂಟೆ ದಾಟುತ್ತದೆ. ನಿಮ್ಮ ಲೆಕ್ಕ ನಡುರಾತ್ರಿ ದಾಟಿ ಬರೀ ಹತ್ತೋ ಮೂವತ್ತೋ ನಿಮಿಷಕ್ಕೆ ಬಂದು ನಿಂತರೆ ಆ ನಿಮಿಷಗಳನ್ನೂ ಕಳೆದು ನೋಡಿ, ತಾರೀಕೇ ಬದಲಾಗಬಹುದು.

ನಮ್ಮಮ್ಮನಿಗೆ ಇದೆಲ್ಲ ತಲೆಹರಟೆ. ಚಾಮುಂಡಿ ತಾಯಿಯ ವರ್ಧಂತಿ ಪ್ರತಿ ವರ್ಷ ಆಷಾಢ ಬಹುಳ ಸಪ್ತಮಿಗೆ ಬರುತ್ತದೆ, ಯಾವ ಇಂಗ್ಲಿಷ್ ತಾರೀಕಿಗೂ ಕಾಯುವುದಿಲ್ಲ, ಅಲ್ವಾ? ಮಗು ಹುಟ್ಟಿದ್ದು ಮಾಘ ಬಹುಳ ಪಂಚಮಿ. ಪಂಚಾಂಗ ತೆಗೆದರೆ 2025ರಲ್ಲಿ ಅದು ಫೆಬ್ರುವರಿ 17ಕ್ಕೆ, 2026ರಲ್ಲಿ ಫೆಬ್ರುವರಿ 6ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರಲ್ಲಿ ಮತ್ತೆ ಫೆಬ್ರುವರಿ ಕೊನೆಯ ವಾರಕ್ಕೆ ಜಾರುತ್ತದೆ. ದೇವಸ್ಥಾನದ ಅರ್ಚನೆಗೆ ನಾನೂ ತಿಥಿಯನ್ನೇ ಹಿಡಿಯುತ್ತೇನೆ. ಕೇಕ್‌ಗೆ ಗಡಿಯಾರ.

ದಾಖಲೆಗಳಲ್ಲಿ ಮಾತ್ರ ಈ ಆಟ ಬೇಡ. ಜನನ ಪ್ರಮಾಣಪತ್ರದಲ್ಲಿರುವ 29ನ್ನೇ ಎಲ್ಲ ಕಡೆ ಬರೆಯಿರಿ. ಆನ್‌ಲೈನ್ ಅರ್ಜಿಯಲ್ಲಿ ಕೆಲವೊಮ್ಮೆ 29 ಕಾಣಿಸುವುದೇ ಇಲ್ಲ, ಸುಮ್ನೆ 28 ಒತ್ತಿಬಿಡಬೇಡಿ. ಮೊದಲು ಇಸವಿಯಲ್ಲಿ 2024 ಆರಿಸಿ, ಆಮೇಲೆ ತಿಂಗಳು ಆರಿಸಿ. ಆಗ ಸಾಮಾನ್ಯವಾಗಿ 29 ಬಂದು ಕೂರುತ್ತದೆ.